ಪಾರ್ಸೆಲ್ ತಲುಪದಿದ್ದಾಗ ಕ್ಷಮೆಯ ಮೇಲ್ ಬರೆದ ನನ್ನ ಅನುಭವ

ಆನ್‌ಲೈನ್‌ನಲ್ಲಿ ಮನೆ ಸಾಮಾನು ಮಾರುವ ಕಂಪನಿಯೊಂದರಲ್ಲಿ ಗ್ರಾಹಕರ ಮೇಲ್‌ಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಹೇಳಿದ ದಿನ ಪಾರ್ಸೆಲ್ ತಲುಪದಿದ್ದರೆ ಕ್ಷಮೆ ಕೇಳಿ ಬರೆಯಬೇಕಲ್ಲ, ಅದರಲ್ಲಿ ಬರೆಯುವುದಕ್ಕಿಂತ ಹುಡುಕುವ ಕೆಲಸವೇ ಜಾಸ್ತಿ. ಒಂದು ಆರ್ಡರ್ ಇಟ್ಟುಕೊಂಡು ಅದನ್ನು ಹೇಳುತ್ತೇನೆ.

ಗ್ರಾಹಕರೊಬ್ಬರು ಮೇಜಿನ ದೀಪ ತರಿಸಿಕೊಂಡಿದ್ದರು. ಶನಿವಾರ ಬೆಳಿಗ್ಗೆ ಅವರ ಮೇಲ್ ಬಂತು: “ನಿನ್ನೆ ರಜೆ ಹಾಕಿ ಇಡೀ ದಿನ ಮನೆಯಲ್ಲೇ ಇದ್ದೆ. ಯಾರೂ ಬರಲಿಲ್ಲ. ಸಂಜೆ ನೋಡಿದರೆ ಟ್ರ್ಯಾಕಿಂಗ್‌ನಲ್ಲಿ ‘ಮನೆಯಲ್ಲಿ ಯಾರೂ ಇರಲಿಲ್ಲ’ ಅಂತಿದೆ. ಇದು ಶುದ್ಧ ಸುಳ್ಳು.”

ಇಂಥದ್ದಕ್ಕೆ ನಮ್ಮಲ್ಲಿ ಸಿದ್ಧ ಉತ್ತರ ಒಂದಿತ್ತು. “ಅನಿವಾರ್ಯ ಕಾರಣಗಳಿಂದ ವಿತರಣೆ ವಿಳಂಬವಾಗಿದೆ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.” ಇದನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ಯಾರು ಏನು ಮಾಡಿದರು ಅನ್ನುವುದೇ ಇದರಲ್ಲಿಲ್ಲ. ರಜೆ ಹಾಕಿ ಕಾದವರಿಗೆ ಬೇಕಿರುವುದು ಅದೇ ಅಲ್ವಾ?

ಹಾಗಂತ ಹುಡುಕಿ ಮುಗಿಯುವವರೆಗೆ ಸುಮ್ನೆ ಕೂರುವಂತಿಲ್ಲ. “ನಿಮ್ಮ ಮೇಲ್ ಓದಿದೆ. ಪಾರ್ಸೆಲ್ ಎಲ್ಲಿದೆ, ಯಾಕೆ ಬರಲಿಲ್ಲ ಅಂತ ನೋಡುತ್ತಿದ್ದೇನೆ. ಸೋಮವಾರ ಮಧ್ಯಾಹ್ನದೊಳಗೆ ಪೂರ್ತಿ ವಿವರ ಬರೆಯುತ್ತೇನೆ” ಅಂತ ಆಗಲೇ ಕಳಿಸಿದೆ. ಕ್ಷಮೆಯ ಮಾತು ಇನ್ನೂ ಹಾಕಿರಲಿಲ್ಲ. ಯಾವುದಕ್ಕೆ ಕ್ಷಮೆ ಅಂತ ಗೊತ್ತಿಲ್ಲದೆ ಕೇಳಿದರೆ ಆಮೇಲೆ ಕಾರಣ ಗೊತ್ತಾದಾಗ ಇನ್ನೊಮ್ಮೆ ಕೇಳಬೇಕಾಗುತ್ತದೆ. ಆಗ ಎರಡಕ್ಕೂ ಬೆಲೆ ಇರುವುದಿಲ್ಲ.

ಆಮೇಲೆ ಆರ್ಡರ್‌ನ ಇತಿಹಾಸ ತೆರೆದೆ. ಲೇಬಲ್ ಪ್ರಿಂಟ್ ಆಗಿದ್ದು ಮಂಗಳವಾರ ಮಧ್ಯಾಹ್ನ 3ಕ್ಕೆ. ಅವರು ತಮ್ಮ ಖಾತೆಯಲ್ಲಿ ವಿಳಾಸ ಬದಲಿಸಿದ್ದು ಅದೇ ಸಂಜೆ 6ಕ್ಕೆ. ನಮ್ಮ ಸಿಸ್ಟಮ್ ಹೊಸ ವಿಳಾಸ ಉಳಿಸಿಕೊಂಡು ‘ವಿಳಾಸ ಬದಲಾಗಿದೆ’ ಅಂತ ಅವರಿಗೆ ಮೇಲ್ ಕೂಡ ಕಳಿಸಿತ್ತು. ಆದರೆ ಪೆಟ್ಟಿಗೆಯ ಮೇಲೆ ಆಗಲೇ ಹಳೇ ಲೇಬಲ್ ಕೂತಿತ್ತು. ಬುಧವಾರ ಬೆಳಿಗ್ಗೆ ಅದು ಹಾಗೇ ಕೊರಿಯರ್ ಗಾಡಿ ಹತ್ತಿತು. ಶುಕ್ರವಾರ ಕೊರಿಯರ್ ಹುಡುಗ ಹಳೇ ಮನೆಗೆ ಹೋದ, ಬೀಗ ಹಾಕಿತ್ತು, ಕಂಡಿದ್ದನ್ನೇ ದಾಖಲಿಸಿದ.

ಅಂದರೆ ಗ್ರಾಹಕರು ಹೇಳಿದ್ದೂ ನಿಜ, ಕೊರಿಯರ್‌ನವನು ಬರೆದಿದ್ದೂ ನಿಜ. ಟ್ರ್ಯಾಕಿಂಗ್ ಒಂದನ್ನೇ ನೋಡಿ ಬರೆದಿದ್ದರೆ ಕೊರಿಯರ್‌ನವರ ಮೇಲೆ ತಪ್ಪು ಹೊರಿಸುತ್ತಿದ್ದೆ. ‘ವಿಳಾಸ ಬದಲಾದ ಕಾರಣ ಹೀಗಾಯಿತು’ ಅಂತ ಬರೆದರೂ ಸರಿಯಲ್ಲ, ಅದು ಗ್ರಾಹಕರ ಕಡೆಗೇ ಬೆರಳು ತೋರಿಸಿದಂತೆ. ಅವರು ಪೆಟ್ಟಿಗೆ ಹೊರಡುವ ಮೊದಲೇ ತಿಳಿಸಿದ್ದರು, ನಾವು ಒಪ್ಪಿಕೊಂಡಿದ್ದೆವು. ತಪ್ಪು ಆಗಿದ್ದು ಮಂಗಳವಾರ ಸಂಜೆಗೂ ಬುಧವಾರ ಬೆಳಿಗ್ಗೆಗೂ ನಡುವೆ, ನಮ್ಮ ಗೋಡೌನಿನಲ್ಲಿ.

ಕಾರಣ ಸಿಕ್ಕ ಮೇಲೂ ಮೇಲ್ ಬರೆಯಲು ಕೂರಲಿಲ್ಲ. ಹಳೇ ಪಾರ್ಸೆಲ್ ಕೊರಿಯರ್‌ನವರಿಂದ ವಾಪಸ್ ಬರಲು ಎಷ್ಟು ದಿನ ಅಂತ ಯಾರೂ ಖಚಿತವಾಗಿ ಹೇಳಲಿಲ್ಲ. ಅದಕ್ಕೆ ಕಾಯುವುದು ಬೇಡ ಅಂತ ಸ್ಟಾಕ್‌ನಲ್ಲಿದ್ದ ಇನ್ನೊಂದು ದೀಪ ತೆಗೆದಿರಿಸಿದೆ. ಹೊಸ ಲೇಬಲ್ ಅಂಟಿಸಿದ ಪೆಟ್ಟಿಗೆಯ ಫೋಟೋ ತರಿಸಿಕೊಂಡು, ವಿಳಾಸವನ್ನು ಸಾಲುಸಾಲಾಗಿ ಹೋಲಿಸಿದೆ. ಸೋಮವಾರ ಬೆಳಿಗ್ಗೆ ಕೊರಿಯರ್‌ನವರು ಅದನ್ನು ತೆಗೆದುಕೊಂಡು ಹೋಗಿ ಟ್ರ್ಯಾಕಿಂಗ್‌ನಲ್ಲಿ ಮೊದಲ ಸ್ಕ್ಯಾನ್ ಕಂಡ ಮೇಲಷ್ಟೇ ಬರೆದೆ. ಸ್ಕ್ಯಾನ್ ಕಾಣುವವರೆಗೆ ತಲುಪುವ ದಿನ ಬರೆಯಬಾರದು ಅನ್ನುವುದು ನನ್ನ ಗಟ್ಟಿ ನಿಲುವು. ಟ್ರ್ಯಾಕಿಂಗ್ ಸಂಖ್ಯೆ ಹುಟ್ಟಿದ ಮಾತ್ರಕ್ಕೆ ಪೆಟ್ಟಿಗೆ ಹೊರಟಿದೆ ಅಂತ ಅರ್ಥವಲ್ಲ. ಒಮ್ಮೆ ಮಾತು ತಪ್ಪಿದವರಿಗೆ ಎರಡನೇ ಸಲ ತಪ್ಪುವ ಅವಕಾಶ ಇಲ್ಲ.

ಕಳಿಸಿದ ಮೇಲ್ ಹೀಗಿತ್ತು. ವಿಷಯದ ಸಾಲಿನಲ್ಲಿ ಆರ್ಡರ್ ಸಂಖ್ಯೆಯ ಜೊತೆ ‘ಶುಕ್ರವಾರ ಪಾರ್ಸೆಲ್ ಬರಲಿಲ್ಲ, ತಪ್ಪು ನಮ್ಮದು. ಹೊಸದು ಬುಧವಾರ’ ಅಂತ ಇತ್ತು.

“ನಮಸ್ಕಾರ ಮೇಡಂ,

ಶುಕ್ರವಾರ ನೀವು ರಜೆ ಹಾಕಿ ಕಾದಿರಿ, ಪಾರ್ಸೆಲ್ ಬರಲಿಲ್ಲ. ತಪ್ಪು ನಮ್ಮದು, ದಯವಿಟ್ಟು ಕ್ಷಮಿಸಿ.

ಮಂಗಳವಾರ ಸಂಜೆ ನೀವು ಹೊಸ ವಿಳಾಸ ಕೊಟ್ಟಿರಿ. ಬದಲಾಗಿದೆ ಅಂತ ನಾವೇ ನಿಮಗೆ ತಿಳಿಸಿದೆವು. ಆದರೆ ಪೆಟ್ಟಿಗೆಗೆ ಆಗಲೇ ಅಂಟಿಸಿದ್ದ ಹಳೇ ವಿಳಾಸದ ಲೇಬಲ್ ಅನ್ನು ನಾವು ಬದಲಿಸಲಿಲ್ಲ. ಕೊರಿಯರ್‌ನವರು ನಿಮ್ಮ ಹಳೇ ಮನೆಗೆ ಹೋಗಿದ್ದರು, ಅದಕ್ಕೇ ಟ್ರ್ಯಾಕಿಂಗ್‌ನಲ್ಲಿ ಹಾಗೆ ಬಂದಿದೆ.

ಹೊಸ ವಿಳಾಸಕ್ಕೆ ಇನ್ನೊಂದು ದೀಪ ಇವತ್ತು ಬೆಳಿಗ್ಗೆ ಹೊರಟಿದೆ. ಬುಧವಾರ ಸಂಜೆಯೊಳಗೆ ತಲುಪಬೇಕು. ಟ್ರ್ಯಾಕಿಂಗ್ ಸಂಖ್ಯೆ ಕೆಳಗಿದೆ. ಆ ದಿನ ಮನೆಯಲ್ಲಿ ಇರುವುದಿಲ್ಲವಾದರೆ ಬೇರೆ ದಿನ ಹೇಳಿ. ಹಳೇ ಪಾರ್ಸೆಲ್ ನಾವೇ ವಾಪಸ್ ತರಿಸಿಕೊಳ್ಳುತ್ತೇವೆ, ನೀವು ಏನೂ ಮಾಡಬೇಕಿಲ್ಲ. ದೀಪವೇ ಬೇಡ ಅನಿಸಿದರೆ ಈ ಮೇಲ್‌ಗೆ ‘ಬೇಡ’ ಅಂತ ಉತ್ತರಿಸಿ, ಪೂರ್ತಿ ಹಣ ವಾಪಸ್ ಮಾಡುತ್ತೇವೆ.

ಇವತ್ತಿನಿಂದ, ಲೇಬಲ್ ಆದ ಮೇಲೆ ವಿಳಾಸ ಬದಲಾದ ಪೆಟ್ಟಿಗೆಗಳನ್ನು ಬೆಳಿಗ್ಗೆ ಬೇರೆ ತೆಗೆದು, ಹೊಸ ಲೇಬಲ್ ಹಾಕಿಯೇ ಕಳಿಸುತ್ತೇವೆ.”

ಕೆಳಗೆ ನನ್ನ ಹೆಸರು, ನನಗೇ ಬರುವ ಮೇಲ್ ವಿಳಾಸ. ಉತ್ತರ ಕಳಿಸಲಾಗದ ವಿಳಾಸದಿಂದ ಕ್ಷಮೆ ಕೇಳಿದರೆ ಬಾಗಿಲು ಹಾಕಿಕೊಂಡು ಮಾತಾಡಿದ ಹಾಗೆ.

ಕೊನೆಯ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ಗೋಡೌನಿನ ಮೇಲ್ವಿಚಾರಕರು ಮೊದಲು ಹೇಳಿದ್ದು “ಹುಡುಗರಿಗೆ ಹುಷಾರಾಗಿರಿ ಅಂತ ಹೇಳ್ತೀನಿ ಬಿಡಿ” ಅಂತ. ಅದನ್ನು ಮೇಲ್‌ನಲ್ಲಿ ಹಾಕಲು ನಾನು ಒಪ್ಪಲಿಲ್ಲ. ಹುಷಾರಾಗಿದ್ದಾರಾ ಇಲ್ವಾ ಅಂತ ನಾಳೆ ನೋಡುವುದು ಹೇಗೆ? ಪೆಟ್ಟಿಗೆ ಕಟ್ಟುವ ಹುಡುಗನಿಗೆ ವಿಳಾಸ ಬದಲಾದದ್ದು ತಿಳಿಯುವ ದಾರಿಯೇ ಇರಲಿಲ್ಲ. ಎಷ್ಟು ಹುಷಾರಾಗಿದ್ದರೂ ಹೀಗೇ ಆಗುತ್ತಿತ್ತು. ಕೂತು ಮಾತಾಡಿದ ಮೇಲೆ ಒಂದು ಪಟ್ಟಿ ಮಾಡಿದೆವು. ವಿಳಾಸ ಬದಲಾದ ಸಮಯ ಲೇಬಲ್ ಪ್ರಿಂಟ್ ಆದ ಸಮಯಕ್ಕಿಂತ ಈಚಿನದಾಗಿದ್ದರೆ ಆ ಆರ್ಡರ್ ಪಟ್ಟಿಗೆ ಬರುತ್ತದೆ. ಕೊರಿಯರ್ ಗಾಡಿ ಬರುವ ಮೊದಲು ಪಟ್ಟಿ ತೆಗೆದು, ಆ ಪೆಟ್ಟಿಗೆಗಳ ಹಳೇ ಲೇಬಲ್ ಕಿತ್ತು ಹೊಸದು ಅಂಟಿಸಬೇಕು. ಪಟ್ಟಿಗೆ ಒಬ್ಬರು ಸಹಿ ಹಾಕಬೇಕು.

ಇದಕ್ಕೂ ಒಂದು ಮಿತಿ ಇದೆ. ಪೆಟ್ಟಿಗೆ ಗಾಡಿ ಹತ್ತಿದ ಮೇಲೆ ವಿಳಾಸ ಬದಲಿಸಿದರೆ ಪಟ್ಟಿ ಏನೂ ಮಾಡಲಾರದು. ಹಾಗಾಗಿ ‘ಇನ್ನು ಮುಂದೆ ಹೀಗಾಗುವುದೇ ಇಲ್ಲ’ ಅಂತ ನಾನು ಬರೆಯಲಿಲ್ಲ. ಮಾಡಿದ್ದನ್ನಷ್ಟೇ ಬರೆದೆ. ಗಾಡಿ ಹತ್ತಿದ ಮೇಲೆ ವಿಳಾಸ ಬದಲಿಸುವ ಬಟನ್ ಮುಚ್ಚಿಬಿಡಿ ಅಂತ ಸಾಫ್ಟ್‌ವೇರ್ ನೋಡುವವರನ್ನು ಕೇಳಿಕೊಂಡೆ. ಅದು ಆಗ ಇನ್ನೂ ಆಗಿರಲಿಲ್ಲ, ಆದ್ದರಿಂದ ಮೇಲ್‌ನಲ್ಲಿ ಅದರ ಸುದ್ದಿ ಎತ್ತಲಿಲ್ಲ.

ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಸೇರಿಸೋಣ ಅಂತ ಸಹೋದ್ಯೋಗಿಯೊಬ್ಬರು ಅಂದರು. ಬೇಡ ಅಂದೆ. ಕೊಂಡದ್ದೇ ಕೈಸೇರದವರಿಗೆ ಇನ್ನೂ ಕೊಳ್ಳಿ ಅಂದ ಹಾಗಾಗುತ್ತದೆ. ಅದರ ಬದಲು ಅವರು ಕಟ್ಟಿದ್ದ ಡೆಲಿವರಿ ಶುಲ್ಕ ವಾಪಸ್ ಮಾಡಿಸಿದೆ. ಅದು ಅವರ ಖಾತೆಗೆ ಹೋಗಿದೆ ಅಂತ ಖಾತ್ರಿಯಾದ ಮೇಲೆ, ಬುಧವಾರ ಬೆಳಿಗ್ಗೆಯ ಮೇಲ್‌ನಲ್ಲಿ ತಿಳಿಸಿದೆ. ಆ ಮೇಲ್ ಹೇಗೂ ಬರೆಯುವುದಿತ್ತು: ಪೆಟ್ಟಿಗೆ ಡೆಲಿವರಿಗೆ ಹೊರಟ ಸ್ಕ್ಯಾನ್ ಕಂಡ ಕೂಡಲೇ, ಅವರು ಕೇಳುವ ಮುಂಚೆಯೇ ಹೇಳಬೇಕು ಅಂತ ಟ್ರ್ಯಾಕಿಂಗ್ ತೆರೆದಿಟ್ಟುಕೊಂಡಿದ್ದೆ. ಮಧ್ಯಾಹ್ನ ಅವರಿಂದ ಉತ್ತರ ಬಂತು: “ದೀಪ ಬಂತು. ಹಳೇ ಮನೆಗೆ ಹೋಗಿದ್ದು ಅಂತ ಗೊತ್ತಾಗಿದ್ದು ಒಳ್ಳೇದಾಯ್ತು, ಕೊರಿಯರ್‌ನವನ ಮೇಲೆ ದೂರು ಕೊಡೋಳಿದ್ದೆ.”