ಎರಡನೇ ದಿನ ಗುಲಾಬಿಯಾದ ಪ್ಲೇಟ್

ಆಟಿ ತಿಂಗಳ ಜಡಿಮಳೆ. ಬದಿಯಡ್ಕದ ಕಡೆಯ ಅಡಿಕೆ ತೋಟದವರೊಬ್ಬರ ತೊಡೆಯ ಬಾವಿನಿಂದ ತೆಗೆದ ಕೀವು ಸಿರಿಂಜಿನಲ್ಲಿ ನಮ್ಮ ಲ್ಯಾಬಿಗೆ ಬಂತು. ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಉಂಟು, ಹತ್ತು ದಿನದಿಂದ ಬಿಟ್ಟು ಬಿಟ್ಟು ಜ್ವರ. ಎಂದಿನಂತೆ ಬ್ಯಾಕ್ಟೀರಿಯಾ ಬೆಳೆಸಲು ಒಂದು ಬ್ಲಡ್ ಅಗಾರ್, ಒಂದು ಮ್ಯಾಕಾಂಕಿ ಪ್ಲೇಟಿಗೆ ಸ್ಟ್ರೀಕ್ ಹಾಕಿ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಟ್ಟು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಬ್ಲಡ್ ಅಗಾರಿನಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ, ನುಣುಪಾದ, ಬೂದುಬಿಳಿ ಕಾಲನಿಗಳು ಬೆಳೆದಿದ್ದವು. ಹಿಮಾಲಿಸಿಸ್, ಅಂದರೆ ರಕ್ತಕಣ ಒಡೆದದ್ದು, ನೋಡಬೇಕಾದರೆ ಪ್ಲೇಟನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದರೆ ಸಾಲದು. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಬೆಳಕು ಹಿಂದಿನಿಂದ ಹಾದು ಬರುವ ಹಾಗೆ ನೋಡಬೇಕು. ಕಾಲನಿಯ ಸುತ್ತ ರಕ್ತಕಣ ಪೂರ್ತಿ ಒಡೆದು ಆಚೆಯ ಬೆರಳು ಕಾಣುವಷ್ಟು ತಿಳಿಯಾಗಿದ್ದರೆ ಬೀಟಾ. ಹಸಿರು ಛಾಯೆಯ ಮಬ್ಬು ಇದ್ದರೆ ಆಲ್ಫಾ. ಏನೂ ಬದಲಾಗದಿದ್ದರೆ ಗಾಮಾ ಎನ್ನುತ್ತೇವೆ, ಅಂದರೆ ಹಿಮಾಲಿಸಿಸ್ ಇಲ್ಲ. ಸಣ್ಣ ಕಾಲನಿಯಾದರೆ ಉಂಗುರ ಅದರ ಅಡಿಯಲ್ಲೇ ಅಡಗಿರುತ್ತದೆ, ಹಾಗಾಗಿ ಲೂಪಿನಿಂದ ಒಂದು ಕಾಲನಿಯನ್ನು ಸರಿಸಿ ಆ ಜಾಗವನ್ನು ನೋಡುವುದು ನನ್ನ ಅಭ್ಯಾಸ. ಇಲ್ಲಿ ಅಡಿಯಲ್ಲೂ ಅಗಾರ್ ಹಾಗೇ ಕೆಂಪಾಗಿತ್ತು.

ಇಷ್ಟು ಧೈರ್ಯದಿಂದ ‘ಇಲ್ಲ’ ಎನ್ನಲು ನನಗೆ ಕೆಲವು ವರ್ಷ ಹಿಡಿಯಿತು. ಮೊದಲು ಕೆಲಸ ಮಾಡುತ್ತಿದ್ದ ಒಂದು ಲ್ಯಾಬಿನಲ್ಲಿ, ಅವಧಿ ಮೀರಿದ ಮನುಷ್ಯರ ರಕ್ತದ ಚೀಲ ತಂದು ಬ್ಲಡ್ ಅಗಾರ್ ಮಾಡುತ್ತಿದ್ದೆವು. ಅಗ್ಗವೇನೋ ಹೌದು. ಆದರೆ ಅದರಲ್ಲಿ ಚೀಲದ ಸಿಟ್ರೇಟ್ ಇರುತ್ತದೆ, ರಕ್ತ ಕೊಟ್ಟವರ ಆ್ಯಂಟಿಬಾಡಿಗಳಿರುತ್ತವೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸರಿಯಾಗಿ ಬೆಳೆಯದು, ಉಂಗುರವೂ ಅರೆಬರೆ. ಅಂಥ ಪ್ಲೇಟಿನಲ್ಲಿ ‘ಹಿಮಾಲಿಸಿಸ್ ಇಲ್ಲ’ ಎಂದು ಬರೆದ ಎಷ್ಟು ರಿಪೋರ್ಟುಗಳು ನಿಜವೋ ದೇವರಿಗೇ ಗೊತ್ತು. ಈಗ ಶೇಕಡಾ 5ರಷ್ಟು ಕುರಿ ರಕ್ತ ಹಾಕಿದ ಪ್ಲೇಟನ್ನೇ ಬಳಸುತ್ತೇವೆ.

ಮ್ಯಾಕಾಂಕಿಯಲ್ಲಿ ಮೊದಲ ದಿನ ಬಣ್ಣವಿಲ್ಲದ ಚುಕ್ಕಿಗಳು. ಲ್ಯಾಕ್ಟೋಸ್ ಹುದುಗಿಸದ್ದು, ನಮ್ಮ ಬಾಯಲ್ಲಿ ಎನ್‌ಎಲ್‌ಎಫ್. ಕೀವಿನಲ್ಲಿ ಎನ್‌ಎಲ್‌ಎಫ್ ಕಂಡರೆ ಕೈ ತಾನಾಗಿ ‘ಸ್ಯೂಡೊಮೊನಾಸ್’ ಎಂದು ಬರೆಯುತ್ತದೆ. ನಾನೂ ಪೆನ್ಸಿಲಿನಲ್ಲಿ ಬರೆದೆ. ಆದರೆ ಮನಸ್ಸು ಒಪ್ಪಲಿಲ್ಲ. ಸ್ಯೂಡೊಮೊನಾಸ್ ಏರುಜಿನೋಸ ಆಗಿದ್ದರೆ ಒಂದೇ ರಾತ್ರಿಗೆ ದೊಡ್ಡದಾಗಿ, ಚಪ್ಪಟೆಯಾಗಿ ಹರಡಬೇಕಿತ್ತು. ಬ್ಲಡ್ ಅಗಾರಿನಲ್ಲಿ ಸಾಮಾನ್ಯವಾಗಿ ಬೀಟಾ ಉಂಗುರ ಇರಬೇಕಿತ್ತು, ಹಲವು ಸಲ ಹಸಿರು ಬಣ್ಣವೂ ಇಳಿಯುತ್ತದೆ. ಇದು ಅದರ ಬಡ ನೆಂಟನ ಹಾಗಿತ್ತು. ಎರಡೂ ಪ್ಲೇಟುಗಳನ್ನು ಇನ್ನೊಂದು ದಿನಕ್ಕೆ ಒಳಗಿಟ್ಟೆ.

ಎರಡನೇ ದಿನ ಮ್ಯಾಕಾಂಕಿ ಗುಲಾಬಿಯಾಗಿತ್ತು!

ನನ್ನ ಜೊತೆಗಿದ್ದ ಹುಡುಗಿ ಓದಿದ್ದನ್ನು ನೆನಪಿಟ್ಟುಕೊಂಡವಳು. “ಅಕ್ಕಾ, ಇದು ತಡವಾಗಿ ಲ್ಯಾಕ್ಟೋಸ್ ಹುದುಗಿಸುವ ಜಾತಿ ಅಲ್ವಾ?” ಎಂದಳು. ತಪ್ಪು ಪ್ರಶ್ನೆಯಲ್ಲ, ಅಂಥ ಬ್ಯಾಕ್ಟೀರಿಯಾಗಳಿವೆ. ಅದೇ ರ‍್ಯಾಕಿನಲ್ಲಿ ಒಬ್ಬರ ಮೂತ್ರದಿಂದ ಬೆಳೆದ ಇ. ಕೋಲೈ ಪ್ಲೇಟ್ ಇತ್ತು, ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ.

ಮ್ಯಾಕಾಂಕಿಯಲ್ಲಿ ಲ್ಯಾಕ್ಟೋಸ್ ಸಕ್ಕರೆ ಇದೆ, ಪಿತ್ತದ ಲವಣ ಇದೆ, ನ್ಯೂಟ್ರಲ್ ರೆಡ್ ಎಂಬ ಬಣ್ಣ ಇದೆ. ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಹುದುಗಿಸಿದರೆ ಆಮ್ಲ ಬರುತ್ತದೆ, ಪಿಎಚ್ 6.8ಕ್ಕಿಂತ ಇಳಿದಾಗ ಆ ಬಣ್ಣ ಕೆಂಪಾಗುತ್ತದೆ. ಇ. ಕೋಲೈಯಂತೆ ಜೋರಾಗಿ ಹುದುಗಿಸುವವಾದರೆ ಆಮ್ಲ ಕಾಲನಿಯಿಂದ ಹೊರಗೂ ಹರಿದು, ಪಿತ್ತದ ಲವಣ ಒಡೆದ ಹಾಲಿನಂತೆ ಗರಣೆ ಕಟ್ಟಿ ಸುತ್ತ ಗುಲಾಬಿ ಮಬ್ಬು ಮೂಡುತ್ತದೆ. ಮೂತ್ರದ ಪ್ಲೇಟಿನಲ್ಲಿ ಆ ಮಬ್ಬು ಢಾಳಾಗಿತ್ತು. ಕೀವಿನ ಪ್ಲೇಟಿನಲ್ಲಿ ಗುಲಾಬಿ ಇದ್ದದ್ದು ಕಾಲನಿಯ ಮೈಯಲ್ಲಿ ಮಾತ್ರ, ಒಂದು ಕೂದಲೆಳೆಯಾಚೆ ಅಗಾರ್ ಇದ್ದ ಹಾಗೇ ಇತ್ತು. ಬಿಳಿ ಪಂಚೆ ಕಾವಿ ನೀರನ್ನು ಹೀರಿದಂತೆ ಕಾಲನಿಯೇ ಅಗಾರಿನ ಬಣ್ಣವನ್ನು ಎಳೆದುಕೊಂಡಿತ್ತು. ಮಬ್ಬಿಲ್ಲ ಎಂದ ಮಾತ್ರಕ್ಕೆ ಲ್ಯಾಕ್ಟೋಸ್ ಹುದುಗಿಲ್ಲ ಎನ್ನಲಾಗದು, ನಿಧಾನವಾಗಿ ಹುದುಗಿಸುವವು ಸುತ್ತ ಮಬ್ಬು ಬಿಡದೆಯೂ ಇರಬಹುದು. ಅದಕ್ಕೆ ಇನ್ನೊಂದು ಸಾಕ್ಷಿ ಬೇಕಿತ್ತು.

ಬ್ಲಡ್ ಅಗಾರ್ ಪ್ಲೇಟಂತೂ ಗುರುತೇ ಸಿಗದಷ್ಟು ಬದಲಾಗಿತ್ತು. ನುಣುಪು ಹೋಗಿ, ಒಣಗಿ, ನಡುವೆ ಸುಕ್ಕು ಬಿದ್ದು, ಓರೆಯಾಗಿ ಹಿಡಿದರೆ ತವರದಂಥ ಹೊಳಪು. ಉಂಗುರ ಆಗಲೂ ಇಲ್ಲ. ಮುಚ್ಚಳ ಎತ್ತಿದ ಗಳಿಗೆಯಲ್ಲಿ ಮೊದಲ ಮಳೆಯ ಮಣ್ಣಿನಂಥ ವಾಸನೆ ಮೂಗಿಗೆ ಬಂತು. ಮುಚ್ಚಳ ಹಾಕಿ ಟೇಪ್ ಸುತ್ತಿದೆ. ಹಿಂದೆ ನಮಗೆ ಕಲಿಸಿದವರು ಪ್ಲೇಟನ್ನು ಮೂಸಿಯೇ ಹೆಸರು ಹೇಳುತ್ತಿದ್ದರು. ಆ ವಿದ್ಯೆಯನ್ನು ನಾನು ಯಾರಿಗೂ ಕಲಿಸುವುದಿಲ್ಲ.

ಉಳಿದದ್ದನ್ನು ಸೇಫ್ಟಿ ಕ್ಯಾಬಿನೆಟ್ಟಿನೊಳಗೆ ಮಾಡಿದೆ. ಆಕ್ಸಿಡೇಸ್ ಪರೀಕ್ಷೆಗೆ ಕಾಲನಿಯನ್ನು ಬ್ಲಡ್ ಅಗಾರಿನಿಂದಲೇ, ಮರದ ಕಡ್ಡಿಯಲ್ಲಿ ತೆಗೆದೆ. ಮ್ಯಾಕಾಂಕಿಯ ಬಣ್ಣ ಮತ್ತು ಆಮ್ಲ ಫಲಿತಾಂಶ ಕೆಡಿಸುತ್ತವೆ, ನಿಕ್ರೋಮ್ ಲೂಪ್ ಇಲ್ಲದ್ದನ್ನೂ ಇದೆ ಎಂದು ತೋರಿಸುತ್ತದೆ. ಹತ್ತು ಸೆಕೆಂಡಿನೊಳಗೆ ಕಾಗದ ಕಡುನೇರಳೆ, ಅಂದರೆ ಪಾಸಿಟಿವ್. ಇ. ಕೋಲೈ, ಕ್ಲೆಬ್ಸಿಯೆಲ್ಲಾದ ಬಳಗ ಆಕ್ಸಿಡೇಸ್ ನೆಗೆಟಿವ್, ಹಾಗಾಗಿ ‘ತಡವಾಗಿ ಹುದುಗಿಸುವ ಜಾತಿ’ ಎಂಬ ಮಾತು ಅಲ್ಲಿಗೆ ಬಿತ್ತು. ಗ್ರಾಮ್ ಸ್ಟೇನಿನಲ್ಲಿ ಸಣಕಲು ಗ್ರಾಮ್ ನೆಗೆಟಿವ್ ಕಡ್ಡಿಗಳು. ಎರಡು ತುದಿ ಮಾತ್ರ ಬಣ್ಣ ಹಿಡಿದು, ನಡುವೆ ಖಾಲಿಯಾಗಿ ಸೇಫ್ಟಿ ಪಿನ್ನಿನಂತೆ ಕಾಣುತ್ತಿದ್ದವು. ಆಮೇಲೆ ಮೂರು ಆ್ಯಂಟಿಬಯಾಟಿಕ್ ಡಿಸ್ಕ್ ಇಟ್ಟೆ: ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಕ್ಲಾವ್. ಮರುದಿನ ಮೊದಲೆರಡರ ಅಂಚಿನವರೆಗೂ ಬೆಳೆ, ಅಮಾಕ್ಸಿಕ್ಲಾವ್ ಸುತ್ತ ಅಗಲವಾದ ಖಾಲಿ ಜಾಗ. ಸ್ಯೂಡೊಮೊನಾಸ್ ಏರುಜಿನೋಸದಲ್ಲಿ ಇದು ಬಹುತೇಕ ತಿರುವುಮುರುವು.

ಡಿಸ್ಕ್ ಇಟ್ಟ ದಿನವೇ ಡಾಕ್ಟರಿಗೆ ಫೋನ್ ಮಾಡಿದ್ದೆ. “ಡಾಕ್ಟ್ರೇ, ಮೆಲಿಯಾಯ್ಡೋಸಿಸ್ ಇರಬಹುದು, ಬರ್ಕೋಲ್ಡೇರಿಯಾ ಸ್ಯೂಡೊಮ್ಯಾಲಿಯೈ. ಖಚಿತ ಅಲ್ಲ.” ಅವರು ಒಂದು ಕ್ಷಣ ಸುಮ್ಮನಿದ್ದು, “ತೋಟದಲ್ಲಿ ಬರಿಗಾಲಲ್ಲೇ ಕೆಲಸ ಅಂತೆ,” ಎಂದರು. ಈ ಬ್ಯಾಕ್ಟೀರಿಯಾದ ಮನೆ ಒದ್ದೆ ಮಣ್ಣು ಮತ್ತು ಕೆಸರು ನೀರು, ಸಕ್ಕರೆ ಕಾಯಿಲೆಯವರನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಅದೇ ಸಂಜೆ ಸೆಫ್ಟಾಜಿಡಿಮ್ ಸುರುವಾಯಿತು. ಮೂರು ಡಿಸ್ಕಿನ ಪಾಠವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ, ಮಲೇಶಿಯಾದ ಸರವಾಕ್‌ನಲ್ಲಿ ಜೆಂಟಾಮೈಸಿನ್ನಿಗೆ ಬಗ್ಗುವ ತಳಿಗಳೂ ಇವೆ. ಗುರುತಿಸುವ ಯಂತ್ರಗಳೂ ಇದನ್ನು ಕೆಲವೊಮ್ಮೆ ಬರ್ಕೋಲ್ಡೇರಿಯಾ ಸೆಪೇಸಿಯಾ ಎಂದುಬಿಡುತ್ತವೆ. ಹಾಗಾಗಿ ಕಾಲನಿಯನ್ನು ದೊಡ್ಡ ಲ್ಯಾಬಿಗೆ ಕಳಿಸಿದೆವು, ಪಿಸಿಆರ್‌ನಲ್ಲಿ ಅದೇ ಹೆಸರು ಬಂತು.

ಮೊದಲ ದಿನ ತೆರೆದ ಮೇಜಿನ ಮೇಲೆ ಲೂಪಿನಿಂದ ಕಾಲನಿ ಸರಿಸಿದ್ದೆನಲ್ಲ, ಆ ಲೆಕ್ಕವನ್ನು ಆಮೇಲೆ ತೀರಿಸಬೇಕಾಯಿತು. ನಾನೂ ಆ ಹುಡುಗಿಯೂ 21 ದಿನ ದಿನಕ್ಕೆರಡು ಸಲ ಜ್ವರ ಅಳೆದು ಬರೆದಿಟ್ಟೆವು. ಇಬ್ಬರಿಗೂ ಏನೂ ಆಗಲಿಲ್ಲ. ಈಗ ಮಳೆಗಾಲದಲ್ಲಿ ಬಾವಿನ ಕೀವು ಬಂದರೆ ಪ್ಲೇಟಿನ ಅಡಿಗೆ ಮಾರ್ಕರಿನಲ್ಲಿ ‘48’ ಎಂದು ಬರೆಯುತ್ತೇನೆ, ಎರಡನೇ ದಿನ ನೋಡುವ ಮುಂಚೆ ಯಾರೂ ಬಿಸಾಡದ ಹಾಗೆ. ಆಕ್ಸಿಡೇಸ್ ಆಗದೆ, ಲ್ಯಾಕ್ಟೋಸ್ ಹುದುಗಿಸುವಂಥದ್ದು ಎನ್ನುವ ‘ಎಲ್‌ಎಫ್’ ಎಂಬ ಎರಡಕ್ಷರವನ್ನು ಪುಸ್ತಕದಲ್ಲಿ ಪೆನ್ನಿನಿಂದ ಬರೆಯುವುದಿಲ್ಲ.