ಖಾಲಿ ಗುಂಡಿಗಳ ಲೆಕ್ಕ: ಮಲೆನಾಡಿನ ಹಾರುವ ಕಪ್ಪೆಗಳ ಬೆನ್ನು ಹತ್ತಿದ ಮಳೆಗಾಲಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಕೆಲವು ಹಳ್ಳಿಗಳಲ್ಲಿ ಮಲಬಾರ್ ಹಾರುವ ಕಪ್ಪೆ (ರಾಕೋಫೋರಸ್ ಮಲಬಾರಿಕಸ್) ಯಾವ ಹೊಂಡದಲ್ಲಿ ಮರಿ ಮಾಡುತ್ತದೆ, ಯಾವುದನ್ನು ಬಿಟ್ಟು ಹೋಗುತ್ತದೆ, ಯಾವುದಕ್ಕೆ ಮರಳಿ ಬರುತ್ತದೆ ಎಂದು ಕೆಲವು ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದೇನೆ. ತೋಟದ ತಲೆಯ ಕೆರೆ, ಗದ್ದೆಯಂಚಿನ ಹೊಂಡ, ಸೊಪ್ಪಿನಬೆಟ್ಟದೊಳಗೆ ಮಳೆಗಾಲದಲ್ಲಿ ಮಾತ್ರ ತುಂಬುವ ತಗ್ಗು, ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟ ಗುಂಡಿ, ಎಲ್ಲವೂ ನನ್ನ ಪಟ್ಟಿಯಲ್ಲಿವೆ. ಈ ಕೆಲಸದಲ್ಲಿ ಜನ ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಒಂದೇ: "ಅಲ್ಲ ಮಾರಾಯ್ರೆ, ಕಪ್ಪೆನೇ ಇಲ್ಲದ ಗುಂಡಿ ಮುಚ್ಚಿದ್ರೆ ಏನು ನಷ್ಟ?" ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡಬೇಕಾದರೆ ಮೊದಲು ಆ ಗುಂಡಿಯಲ್ಲಿ ಕಪ್ಪೆ ನಿಜಕ್ಕೂ ಇಲ್ಲವೇ ಎಂದು ತಿಳಿಯಬೇಕು. ಆಮೇಲೆ, ಈ ವರ್ಷ ಇಲ್ಲದ್ದು ಮುಂದಿನ ವರ್ಷ ಬರುವ ಸಾಧ್ಯತೆ ಎಷ್ಟು ಎಂದು ತಿಳಿಯಬೇಕು.

ಈ ಕಪ್ಪೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಅದರ ನೊರೆಗೂಡು. ಮುಂಗಾರು ಹಿಡಿದ ಮೇಲೆ ಜೋಡಿಗಳು ನೀರಿನ ಮೇಲೆ ಬಾಗಿದ ಕೊಂಬೆಗೆ ಬಂದು, ಹೆಣ್ಣು ಸ್ರವಿಸುವ ಲೋಳೆಯನ್ನು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆ ಇಡುತ್ತವೆ. ಬೆಳಗ್ಗೆ ಹೋದರೆ ಎಲೆಗಳ ನಡುವೆ ಬಿಳಿ ಮುದ್ದೆ ತೂಗುತ್ತಿರುತ್ತದೆ, ಸುತ್ತಲಿನ ಎಲೆಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಹೊರಗಿನ ಪದರ ಒಣಗಿ ಬಿಗಿಯಾದರೂ ಒಳಗೆ ತೇವ ಉಳಿಯುತ್ತದೆ. ಕೆಲವು ದಿನಗಳಲ್ಲಿ ಮರಿಗಳು ಹೊರಬಂದು, ನೊರೆ ಕರಗಿ ತಳ ಸಡಿಲವಾದಂತೆ ಕೆಳಗಿನ ನೀರಿಗೆ ಉದುರುತ್ತವೆ. ರಾತ್ರಿ ಕೂಗು ಕೇಳಿಸದಿದ್ದರೂ ಹಗಲಿನಲ್ಲಿ ಗೂಡು ಸಾಕ್ಷಿಯಾಗಿ ಉಳಿಯುವುದರಿಂದ ಎರಡು ಬಗೆಯ ಪುರಾವೆ ಸಿಗುತ್ತದೆ.

ಹಾಗಿದ್ದೂ ಒಂದು ಭೇಟಿಯನ್ನು ನಂಬುವಂತಿಲ್ಲ. ಮಳೆ ಬಿಡುವು ಕೊಟ್ಟ ವಾರದಲ್ಲಿ ಹೊಂಡ ಸುಮ್ಮನಿರುತ್ತದೆ. ಗೂಡು ಎತ್ತರದ ಕೊಂಬೆಯಲ್ಲಿದ್ದರೆ ಕಣ್ತಪ್ಪುತ್ತದೆ. ಇದು ಲೆಕ್ಕವನ್ನು ಎಷ್ಟು ಕೆಡಿಸುತ್ತದೆ ಎಂದು ನೋಡಿ. ಕಪ್ಪೆ ಇರುವ ಹೊಂಡಕ್ಕೆ ಒಮ್ಮೆ ಹೋದಾಗ ಅದು ಕಾಣುವ ಸಂಭವ ಅರ್ಧದಷ್ಟು ಎಂದಿಟ್ಟುಕೊಳ್ಳೋಣ. ವರ್ಷವೊಂದಕ್ಕೆ ನಿಜವಾಗಿ ಅಳಿಯುವುದು ಕಪ್ಪೆಯಿರುವ 100 ಹೊಂಡಗಳಲ್ಲಿ 20. ಉಳಿದ 80ರಲ್ಲಿ ಕಪ್ಪೆ ಇದ್ದರೂ ಒಂದೇ ಭೇಟಿಯಲ್ಲಿ 40 ಕಡೆ ನಮಗೆ ಕಾಣುವುದಿಲ್ಲ. ಹಾಗಾಗಿ 60 ಹೊಂಡಗಳಲ್ಲಿ ಕಪ್ಪೆ ಅಳಿಯಿತು ಎಂದು ಬರೆದುಕೊಳ್ಳುತ್ತೇವೆ. ಅದೇ ಋತುವಿನಲ್ಲಿ ಮೂರು ಸಲ ಹೋದರೆ ಕಣ್ತಪ್ಪುವುದು ಎಂಟರಲ್ಲಿ ಒಂದು, ಅಂದರೆ 10 ಹೊಂಡ. ಆಗ ನಮ್ಮ ಲೆಕ್ಕ 30ಕ್ಕೆ ಇಳಿಯುತ್ತದೆ. ಆಗಲೂ ಅದು ನಿಜಕ್ಕಿಂತ ಒಂದೂವರೆ ಪಟ್ಟು. ಮರುವರ್ಷ ಆ ಹೊಂಡಗಳಲ್ಲಿ ಕಪ್ಪೆ ಕಂಡಾಗ ಹೊಸದಾಗಿ ನೆಲೆಯೂರಿತು ಎಂದು ಬರೆಯುತ್ತೇವೆ, ಆ ದರವೂ ಸುಳ್ಳಾಗಿ ಉಬ್ಬುತ್ತದೆ.

ಇದಕ್ಕೆ ಮದ್ದು 2003ರಲ್ಲಿ ಮೆಕೆಂಜಿ ಮತ್ತು ಸಂಗಡಿಗರು ಕೊಟ್ಟ ಮಾದರಿ. ಒಂದೇ ಋತುವಿನೊಳಗಿನ ಮರುಭೇಟಿಗಳು ಕಾಣುವ ಸಂಭವವನ್ನು ಅಂದಾಜಿಸುತ್ತವೆ, ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆ ನೆಲೆಯೂರುವ ದರವನ್ನೂ ಅಳಿವಿನ ದರವನ್ನೂ ಕೊಡುತ್ತದೆ. ಋತುವಿನೊಳಗೆ ಹೊಂಡದ ಸ್ಥಿತಿ ಬದಲಾಗುವುದಿಲ್ಲ ಎಂಬುದು ಅದರ ಷರತ್ತು. ಅದಕ್ಕಾಗಿ ನನ್ನ ಭೇಟಿಗಳನ್ನೆಲ್ಲ ಮಳೆ ಚೆನ್ನಾಗಿ ಹಿಡಿದಿರುವ ವಾರಗಳಿಗೆ ಸೀಮಿತಗೊಳಿಸಿದ್ದೇನೆ. ಭೇಟಿಯ ಸರದಿಯನ್ನೂ ಪ್ರತಿ ಸಲ ಬದಲಿಸುತ್ತೇನೆ. ಒಂದೇ ಹೊಂಡಕ್ಕೆ ಯಾವಾಗಲೂ ಮುಸ್ಸಂಜೆಗೇ ಹೋಗಿ, ಇನ್ನೊಂದಕ್ಕೆ ಯಾವಾಗಲೂ ನಡುರಾತ್ರಿಯೇ ಹೋದರೆ, ಹೊಂಡದ ಗುಣ ಯಾವುದು, ಹೊತ್ತಿನ ಗುಣ ಯಾವುದು ಎಂದು ಬೇರ್ಪಡಿಸಲಾಗದು. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಬಲೆ ತೊಳೆದು ಸೋಂಕುನಿವಾರಕ ಹಚ್ಚುತ್ತೇನೆ. ಕಪ್ಪೆಗಳಿಗೆ ರೋಗ ತರುವ ಕೈಟ್ರಿಡ್ ಶಿಲೀಂಧ್ರವನ್ನು ಹೊತ್ತು ತಿರುಗುವ ವಾಹನ ನಾನೇ ಆಗಬಾರದಲ್ಲ.

ಲೆಕ್ಕ ಮಾಡುವುದು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ unmarked ಪ್ಯಾಕೇಜಿನಲ್ಲಿ:

```r
library(unmarked)
umf <- unmarkedMultFrame(y = y, siteCovs = honda,
         obsCovs = list(male = male), numPrimary = 4)
m <- colext(~1, ~doora, ~meenu, ~male, data = umf)
```

ಇಲ್ಲಿ y ಅಂದರೆ ಭೇಟಿಗಳ ಕೋಷ್ಟಕ: ಸಾಲಿಗೊಂದು ಹೊಂಡ, ಕಂಡರೆ 1, ಕಾಣದಿದ್ದರೆ 0. ಕೊನೆಯ ಸಾಲಿನ ನಾಲ್ಕು ಸೂತ್ರಗಳು ಕ್ರಮವಾಗಿ ಮೊದಲ ವರ್ಷದ ಇರುವಿಕೆ, ನೆಲೆಯೂರುವಿಕೆ, ಅಳಿವು ಮತ್ತು ಕಾಣುವ ಸಂಭವ. ನೆಲೆಯೂರುವಿಕೆಯನ್ನು ನೆರೆಯ ಹೊಂಡದ ದೂರಕ್ಕೆ, ಅಳಿವನ್ನು ಮೀನಿಗೆ, ಕಾಣುವುದನ್ನು ಮಳೆಗೆ ಜೋಡಿಸಿದ್ದೇನೆ. ಸೊಳ್ಳೆ ಕಡಿಮೆಯಾಗಲಿ ಎಂದು ಗಪ್ಪಿಯನ್ನೋ ಗ್ಯಾಂಬೂಸಿಯಾವನ್ನೋ ಬಿಟ್ಟ ಹೊಂಡದಲ್ಲಿ ಗೊದಮೊಟ್ಟೆ ಉಳಿಯುವುದು ಕಷ್ಟ. ದರ ಅಂದಾಜಿಸಲು ಸಾಕಷ್ಟು ಬರುವಿಕೆ, ಹೋಗುವಿಕೆ ಕಾಣಬೇಕು. ಎರಡೇ ವರ್ಷದ ಮಾಹಿತಿ ಹಾಕಿದರೆ ಲೆಕ್ಕವೇನೋ ಬರುತ್ತದೆ, ಆದರೆ ಅದರ ಅಂದಾಜಿನ ವ್ಯಾಪ್ತಿ ಸೊನ್ನೆಯಿಂದ ಒಂದರವರೆಗೆ ಹರಡಿಕೊಂಡಿರಬಹುದು. ಅಂಥ ಅಂಕಿಯನ್ನು ಯಾರ ಮುಂದೆಯೂ ಇಡಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೆಳೆಯ ಕೀಟಗಳ ಬಗ್ಗೆ ಯೋಚಿಸುತ್ತಾ ಪರಿಸರ ವಿಜ್ಞಾನಿ ರಿಚರ್ಡ್ ಲೆವಿನ್ಸ್ 1969ರಲ್ಲಿ ಬರೆದ ಸರಳ ಸಮೀಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೊಂದು ಹೊಂಡದಲ್ಲೂ ಕಪ್ಪೆ ಆಗಾಗ ಅಳಿಯುತ್ತದೆ, ಕಪ್ಪೆಯಿರುವ ಇತರ ಹೊಂಡಗಳಿಂದ ಬಂದವು ಖಾಲಿ ಹೊಂಡ ತುಂಬುತ್ತವೆ. ಎರಡೂ ಸರಿದೂಗಿದಾಗ ಕಪ್ಪೆಯಿರುವ ಹೊಂಡಗಳ ಪಾಲು p* = h − e/c. ಇಲ್ಲಿ h ಅಂದರೆ ಮೂಲದ ಹೊಂಡಗಳಲ್ಲಿ ಇನ್ನೂ ಉಳಿದಿರುವ ಪಾಲು, e ಅಳಿವಿನ ದರ, c ನೆಲೆಯೂರುವ ದರ.

ಹಳ್ಳಿಯ ಸುತ್ತ 50 ಹೊಂಡ, e 0.2, c 0.5 ಎಂದಿಟ್ಟುಕೊಳ್ಳಿ. ಇದು ತಿಳಿಯಲಿಕ್ಕೆ ಮಾಡಿಕೊಂಡ ಲೆಕ್ಕ, ನನ್ನ ಹೊಂಡಗಳ ಅಂಕಿಯಲ್ಲ. e/c ಅಂದರೆ 0.4. ಎಲ್ಲ ಹೊಂಡ ಇರುವಾಗ 30ರಲ್ಲಿ ಕಪ್ಪೆ, 20 ಖಾಲಿ. ಆ ಖಾಲಿ 20ರಲ್ಲಿ 15ನ್ನು ಮಣ್ಣು ಹಾಕಿ ಮುಚ್ಚಿದರು. ಕಪ್ಪೆಯಿದ್ದ ಒಂದು ಹೊಂಡವನ್ನೂ ಮುಟ್ಟಲಿಲ್ಲ. ಈಗ ಉಳಿದದ್ದು 35, h 0.7. ಹೊಸ ಸಮತೋಲ 0.7 − 0.4, ಅಂದರೆ 0.3, ಮೂಲದ 50ರಲ್ಲಿ 15 ಹೊಂಡ. ಖಾಲಿ 15 ಮುಚ್ಚಿದ್ದಕ್ಕೆ ಕಪ್ಪೆಯಿರುವ ಹೊಂಡಗಳೂ ಕೊನೆಗೆ 15 ಕಡಿಮೆಯಾಗುತ್ತವೆ, ಖಾಲಿ ಹೊಂಡಗಳು ಮತ್ತೆ 20ಕ್ಕೇ ಬಂದು ನಿಲ್ಲುತ್ತವೆ. ಕಾರಣ ಸರಳ. ಊರು ಬಿಟ್ಟು ಹೊರಟ ಎಳೆಗಪ್ಪೆಗಳಿಗೆ ತಲುಪಲು ಜಾಗ ಕಡಿಮೆಯಾಯಿತು, ಅಳಿವು ಮಾತ್ರ ಮೊದಲಿನಂತೆಯೇ ನಡೆದಿದೆ.

ಈ ಇಳಿತ ಒಂದೇ ಸಲಕ್ಕೆ ಆಗುವುದಿಲ್ಲ. ಅದೇ ಸಮೀಕರಣವನ್ನು ವರ್ಷವರ್ಷಕ್ಕೆ ನಡೆಸಿದರೆ 30 ಇದ್ದದ್ದು ಮೊದಲ ವರ್ಷ 25ರ ಆಸುಪಾಸು, ಮೂರನೆಯ ವರ್ಷ 21, ಐದನೆಯ ವರ್ಷ 19. ಹೊಂಡ ಮುಚ್ಚಿದ ಮರುವಾರ ಸಮೀಕ್ಷೆ ಮಾಡಿದವರಿಗೆ ಮೂವತ್ತಕ್ಕೆ ಮೂವತ್ತರಲ್ಲೂ ಕಪ್ಪೆ ಸಿಗುತ್ತದೆ, "ಏನೂ ಆಗಿಲ್ಲ" ಎಂಬ ವರದಿ ಹೋಗುತ್ತದೆ. ಅಷ್ಟರಲ್ಲಿ ಅಳಿವಿನ ಸಾಲ ತಲೆಯ ಮೇಲೆ ಕೂತಾಗಿದೆ. ಇನ್ನೂ ಮುಂದೆ ಹೋಗಿ 30 ಹೊಂಡ ಮುಚ್ಚಿದರೆ h 0.4, ಅಂದರೆ e/cಗೆ ಸಮ. ಆಗ 20 ಒಳ್ಳೆಯ ಹೊಂಡಗಳು ಉಳಿದಿದ್ದರೂ ಕಪ್ಪೆ ಕ್ರಮೇಣ ಪೂರ್ತಿ ಹೋಗುತ್ತದೆ. ನನ್ನನ್ನು ನಿಜಕ್ಕೂ ಕಂಗೆಡಿಸುವುದು ಇದೇ. ಕೊನೆಯ ಹೊಂಡ ಮುಚ್ಚುವ ತನಕ ಕಾಯಬೇಕಿಲ್ಲ.

ಈ ಸಮೀಕರಣದಲ್ಲಿ ಎಲ್ಲ ಹೊಂಡವೂ ಒಂದೇ, ಎಲ್ಲದಕ್ಕೂ ಎಲ್ಲಿಂದಲೂ ಹೋಗಬಹುದು. ನೆಲದ ಮೇಲೆ ಹಾಗಿಲ್ಲ. ಸ್ವೀಡನ್ನಿನ ಬಾಲ್ಟಿಕ್ ಕರಾವಳಿಯಲ್ಲಿ ಕೊಳಗಪ್ಪೆಯನ್ನು ಹಿಂಬಾಲಿಸಿದ ಪೆರ್ ಷೋಗ್ರೆನ್ 1991ರಲ್ಲಿ ತೋರಿಸಿದ್ದು ಇದನ್ನೇ: ಕಪ್ಪೆಯಿರುವ ನೆರೆಹೊಂಡ ದೂರವಾದಷ್ಟೂ ಒಂದು ಹೊಂಡದಲ್ಲಿ ಅಳಿವು ಹೆಚ್ಚು. ಹತ್ತಿರದ ನೆರೆ ಇದ್ದರೆ ಕುಗ್ಗುತ್ತಿರುವ ಗುಂಪಿಗೆ ಹೊಸಬರು ಸೇರಿ ಅದು ಅಳಿಯದಂತೆ ಹಿಡಿಯುತ್ತಾರೆ. ದೂರ ಹೆಚ್ಚಿದಾಗ ಬರುವವರೂ ಕಡಿಮೆ, ಉಳಿಸುವವರೂ ಕಡಿಮೆ. ಆದ್ದರಿಂದ ಎರಡು ಗುಂಪುಗಳ ನಡುವೆ ಮೆಟ್ಟಿಲಿನಂತಿರುವ ಒಂದು ಸಾಮಾನ್ಯ ಗುಂಡಿ, ಅದರಲ್ಲಿ ಮೂರು ವರ್ಷಕ್ಕೊಮ್ಮೆ ಮಾತ್ರ ಗೂಡು ಕಂಡರೂ, ಅಂಚಿನಲ್ಲಿರುವ ಒಳ್ಳೆಯ ಹೊಂಡಕ್ಕಿಂತ ಮುಖ್ಯವಾಗಬಹುದು. ನಕ್ಷೆಯಲ್ಲಿ ಒಂದೊಂದೇ ಹೊಂಡವನ್ನು ತೆಗೆದು ದೂರದ ಲೆಕ್ಕವನ್ನು ಮತ್ತೆ ನಡೆಸಿದಾಗ ಯಾವುದು ಮೆಟ್ಟಿಲು ಎಂದು ಗೊತ್ತಾಗುತ್ತದೆ.

ಇನ್ನೊಂದು ಎಚ್ಚರ. ಗೂಡು ಕಂಡ ಮಾತ್ರಕ್ಕೆ ಹೊಂಡ ಕಪ್ಪೆಯನ್ನು ಹೊರಗೆ ಕಳಿಸುತ್ತಿದೆ ಎಂದಲ್ಲ. ಕಲ್ಲು ಕಡಿದ ಆಳವಿಲ್ಲದ ಗುಂಡಿಯ ಮೇಲೆ ಸಾಲುಸಾಲು ಗೂಡು ತೂಗುತ್ತಿರುತ್ತವೆ. ಮಳೆ ಹದಿನೈದು ದಿನ ಕೈಕೊಟ್ಟರೆ ಗೊದಮೊಟ್ಟೆಗಳು ಕೆಸರಿನಲ್ಲಿ ಒತ್ತೊತ್ತಾಗಿ ಸೇರಿ ಸಾಯುತ್ತವೆ. ಕೋಷ್ಟಕದಲ್ಲಿ ಅದು 1, ನಿಜದಲ್ಲಿ ಸೊನ್ನೆ. ಹಾಗಾಗಿ ಮಳೆಗಾಲದ ಕೊನೆಗೆ ಮತ್ತೆ ಹೋಗಿ ನೀರು ಎಲ್ಲಿಯವರೆಗೆ ನಿಂತಿತು, ಬಾಲ ಕರಗುತ್ತಿರುವ ಎಳೆಗಪ್ಪೆಗಳು ದಡದ ಹುಲ್ಲಿನಲ್ಲಿ ಇವೆಯೇ ಎಂದು ನೋಡಿ ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ. ಇದಕ್ಕೆ ಪ್ರತಿಯಾಗಿ, ನೀರು ಧಾರಾಳವಿದ್ದೂ ಸದಾ ಖಾಲಿಯಾಗಿರುವ ಹೊಂಡಗಳಿವೆ. ಕಪ್ಪು ಶೀಟು ಹಾಸಿದ ಕೃಷಿಹೊಂಡ ಉಪಗ್ರಹದ ಚಿತ್ರದಲ್ಲಿ ಚೆಂದದ ಕೊಳವಾಗಿ ಕಾಣುತ್ತದೆ, ಆದರೆ ನೀರಿನ ಮೇಲೆ ಬಾಗಿದ ಕೊಂಬೆಯೇ ಇಲ್ಲದಲ್ಲಿ ಈ ಕಪ್ಪೆ ಗೂಡು ಕಟ್ಟುವುದೆಲ್ಲಿ? ಅದನ್ನು ನಾನು ಖಾಲಿ ತಾಣ ಎಂದು ಎಣಿಸುವುದಿಲ್ಲ, ತಾಣವೇ ಅಲ್ಲ ಎಂದು ಪಟ್ಟಿಯಿಂದ ಬಿಡುತ್ತೇನೆ.

ಹೊಂಡವನ್ನೇ ತಾಣವೆಂದು ಹಿಡಿಯುವುದಕ್ಕೂ ಮಿತಿಯಿದೆ. 2001ರಲ್ಲಿ ಮಾರ್ಷ್ ಮತ್ತು ಟ್ರೆನ್ಹ್ಯಾಮ್ ಎಚ್ಚರಿಸಿದಂತೆ ಉಭಯಚರದ ಬದುಕಿನ ಬಹುಪಾಲು ನೀರಿನ ಹೊರಗೆ ಕಳೆಯುತ್ತದೆ. ಹಾರುವ ಕಪ್ಪೆಗಂತೂ ವರ್ಷದ ಹೆಚ್ಚಿನ ಕಾಲ ಮರವೇ ಮನೆ. ಸೊಪ್ಪಿನಬೆಟ್ಟ ಬೋಳಾದ ಮೇಲೆ ಹೊಂಡ ಖಾಲಿಯಾದರೆ ಅದನ್ನು ಆಕಸ್ಮಿಕ ಅಳಿವು ಎನ್ನಲಾಗದು. ಆ ಕಾರಣ ನೀಗುವ ತನಕ ಅಲ್ಲಿ ಯಾವ ಕಪ್ಪೆಯೂ ಮರಳಿ ನೆಲೆಯೂರದು. ಆದ್ದರಿಂದ ಹೊಂಡದ ಸುತ್ತಲಿನ ಮರಗಳ ಹೊದಿಕೆಯನ್ನೂ ಪ್ರತಿವರ್ಷ ದಾಖಲಿಸುತ್ತೇನೆ.

ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಗುಂಡಿ ಮುಚ್ಚಬೇಕೆನ್ನುವವರ ಜೊತೆ ಕೂತು ಮಾತಾಡುತ್ತೇನೆ. ಮನೆ ಕಟ್ಟಲು, ರಸ್ತೆ ಅಗಲಿಸಲು ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ, ಅದು ನನಗೂ ಗೊತ್ತು. ಆಗ ನಾನು ಕೇಳುವುದು ಹಳೆಯ ಗುಂಡಿ ಮುಚ್ಚುವ ಮೊದಲೇ ಹತ್ತಿರದಲ್ಲಿ, ಕಪ್ಪೆಯಿರುವ ಹೊಂಡದಿಂದ ಕೆಲವು ನೂರು ಮೀಟರಿನೊಳಗೆ, ಇನ್ನೊಂದನ್ನು ತೋಡಿಸಿ ಎಂದು. ಶೀಟು ಬೇಡ, ಮೀನು ಬಿಡುವುದು ಬೇಡ, ಬೇಸಿಗೆಯಲ್ಲಿ ಒಣಗಿದರೆ ಒಳ್ಳೆಯದೇ, ಏಕೆಂದರೆ ಒಣಗುವ ಹೊಂಡದಲ್ಲಿ ಮೀನು ಉಳಿಯುವುದಿಲ್ಲ. ದಡದಲ್ಲಿ ಇರುವ ಮರ ಕಡಿಯದೆ ಅದರ ಕೆಳಗೇ ತೋಡಬೇಕು. ಹೊಸ ಹೊಂಡದ ಮೇಲೆ ಗೂಡು ಕಂಡು, ದಡದಲ್ಲಿ ಎಳೆಗಪ್ಪೆ ಹತ್ತಿದ್ದು ಕೂಡ ಕಂಡ ಮೇಲೆ ಹಳೆಯದಕ್ಕೆ ಮಣ್ಣು ಹಾಕಿ ಎನ್ನುತ್ತೇನೆ. ಅದಕ್ಕೆ ಒಂದು ಮಳೆಗಾಲ ಸಾಲದಿದ್ದರೆ ಇನ್ನೊಂದು ಮಳೆಗಾಲ ಕಾಯಬೇಕಾಗುತ್ತದೆ. ಹಾಗೆ ಕಾಯಲು ಒಪ್ಪಿದವರ ಹೊಸ ಹೊಂಡಗಳೂ ಈಗ ನನ್ನ ಭೇಟಿಯ ಪಟ್ಟಿಯಲ್ಲಿವೆ.