ಬ್ರಾಡ್‌ಬ್ಯಾಂಡ್ ದರ ಏರಿತು, ನಾನು ಪ್ಲಾನ್ ಇಳಿಸಿದೆ

100 ಎಂಬಿಪಿಎಸ್ ಪ್ಲಾನ್ ₹699ರಿಂದ ₹799ಕ್ಕೆ ಏರುತ್ತದೆ ಎಂದು ನೋಟಿಸ್ ಬಂತು. ಅದರಲ್ಲಿ 18% ಜಿಎಸ್‌ಟಿ ಸೇರಿರಲಿಲ್ಲ. ಸೇರಿಸಿದರೆ ತಿಂಗಳ ಬಿಲ್ ಸುಮಾರು ₹943, ಅಂದರೆ ಹಿಂದಿಗಿಂತ ವರ್ಷಕ್ಕೆ ₹1,416 ಹೆಚ್ಚು.

ಬೇರೆ ಕಂಪನಿಯ ದರ ಕಡಿಮೆಯಿತ್ತು. ಆದರೆ ಹೊಸ ಕೇಬಲ್ ಎಳೆಯುವ ಖರ್ಚು ಮತ್ತು ರೂಟರ್ ಠೇವಣಿ ಸೇರಿದಾಗ ಮೊದಲ ವರ್ಷದ ಉಳಿತಾಯವೆಲ್ಲ ಅದಕ್ಕೇ ಹೋಗುತ್ತಿತ್ತು.

ಹಾಗಾದರೆ ನಮಗೆ 100 ಎಂಬಿಪಿಎಸ್ ನಿಜವಾಗಿ ಬೇಕೇ? ರೂಟರ್ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ 40ರ ಮಿತಿ ಹಾಕಿ, ಮನೆಯಲ್ಲಿ ಯಾರಿಗೂ ಹೇಳದೆ ಬಿಟ್ಟೆ. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ಸಂಜೆ ಟಿವಿ, ಮಗಳ ಆನ್‌ಲೈನ್ ಕ್ಲಾಸ್, ನನ್ನ ಮೀಟಿಂಗ್ ಒಟ್ಟಿಗೆ ನಡೆದರೂ ಯಾರೂ ದೂರಲಿಲ್ಲ. ದೊಡ್ಡ ಫೈಲ್ ಇಳಿಸುವಾಗ ಮಾತ್ರ ಹೆಚ್ಚು ಹೊತ್ತು ಹಿಡಿಯಿತು. ₹499ರ 40 ಎಂಬಿಪಿಎಸ್ ಪ್ಲಾನಿಗೆ ಇಳಿದೆ. ಜಿಎಸ್‌ಟಿ ಸೇರಿ ಸುಮಾರು ₹589.

ಬಿಲ್ ದಿನಾಂಕಕ್ಕೆ ಮುಂಚೆಯೇ ಕೋರಿಕೆ ಕೊಟ್ಟಿದ್ದರಿಂದ ಮುಂದಿನ ಬಿಲ್ಲಿಗೇ ಅದು ಜಾರಿಯಾಯಿತು. ಇನ್ನೊಂದು ವಿಷಯ: ಯುಪಿಐ ಆಟೋಪೇ ಮಿತಿ ₹2,000 ಇತ್ತು. ದರ ಏರಿದ ಬಿಲ್ಲೂ ಅಷ್ಟರೊಳಗಿದ್ದರೆ ನಮ್ಮ ಪಿನ್ ಕೇಳದೆಯೇ ಖಾತೆಯಿಂದ ಕಡಿತವಾಗುತ್ತದೆ. ಹಳೆಯದನ್ನು ರದ್ದು ಮಾಡಿ ₹600 ಮಿತಿಗೆ ಹೊಸದು ಮಾಡಿದೆ.